ಲೆಕ್ಕಪಟ್ಟಿಯ ಶೀಟ್, ವ್ಯಾಪ್ತಿ ಮತ್ತು ಸೆಲ್‌ಗಳಿಗೆ ಹೆಸರಿಡುವ ಕ್ರಮ

(ಗ್ರಾಮ ಪಂಚಾಯಿತಿ ಸಿಬ್ಬಂದಿಯ ತಾಲ್ಲೂಕು ಮಟ್ಟದ ತರಬೇತಿಯಲ್ಲಿ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯೊಬ್ಬರು ನೀಡಿದ ಉಪನ್ಯಾಸದ ಪಠ್ಯ)



ನಮ್ಮ ತೆರಿಗೆಯ ಅಧಿಕೃತ ದಾಖಲೆ ಪಂಚತಂತ್ರ ತಂತ್ರಾಂಶದಲ್ಲಿದೆ. ಆದರೂ ಪ್ರಗತಿ ಪರಿಶೀಲನಾ ಸಭೆಗೆ ಒಂದು ಪಟ್ಟಿ, ಲೆಕ್ಕ ಪರಿಶೋಧನೆಗೆ ಇನ್ನೊಂದು ಪಟ್ಟಿ, ಸಾಮಾನ್ಯ ಸಭೆಯ ಸದಸ್ಯರು ಕೇಳಿದಾಗ ಮತ್ತೊಂದು ಪಟ್ಟಿ ಎಂದು ಎಕ್ಸೆಲ್ ಅಥವಾ ಲಿಬ್ರೆಆಫೀಸ್‌ನಲ್ಲಿ ನಾವು ಮಾಡುವ ಕೆಲಸ ನಿಂತಿಲ್ಲ. ಕುದುರೆಮುಖದ ಇಳಿಜಾರಿನ ಈ ಊರುಗಳಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ ನೆಟ್‌ವರ್ಕ್ ಯಾವ ಗಂಟೆಗೆ ಬರುತ್ತದೆ, ಯಾವ ಗಂಟೆಗೆ ಹೋಗುತ್ತದೆ ಎಂಬುದು ತಮಗೆಲ್ಲ ತಿಳಿದ ಸಂಗತಿ. ಆ ತಿಂಗಳುಗಳಲ್ಲಿ ಕಚೇರಿಯ ಕಂಪ್ಯೂಟರ್‌ನಲ್ಲಿ ಉಳಿಸಿಕೊಂಡ ಕಡತವೇ ನಮಗೆ ಆಧಾರ. ಆ ಕಡತವನ್ನು ಇಂದು ನಾನು ಬರೆದರೆ ನಾಳೆ ನನ್ನ ವರ್ಗಾವಣೆಯ ನಂತರ ಇನ್ನೊಬ್ಬರು ತೆರೆಯುತ್ತಾರೆ. ಅವರಿಗೆ ಅದರೊಳಗಿನ ಸೂತ್ರ ಓದಲು ಬರಬೇಕು ಎಂಬುದಷ್ಟೇ ಈ ಹೊತ್ತಿನ ನನ್ನ ವಿಷಯ.

ಮೊದಲಿಗೆ ನನ್ನದೇ ತಪ್ಪೊಂದನ್ನು ತಮ್ಮ ಮುಂದಿಡುತ್ತೇನೆ. ನಾನು ಈ ಹಿಂದೆ ಕೆಲಸ ಮಾಡುತ್ತಿದ್ದ ಪಂಚಾಯಿತಿಯಲ್ಲಿ ಬೇಡಿಕೆ, ವಸೂಲಿ, ಬಾಕಿ ತಃಖ್ತೆಯನ್ನು ನಾನೇ ಸಿದ್ಧಪಡಿಸಿದ್ದೆ. ಒಂದು ಶೀಟ್‌ನಲ್ಲಿ ಮನೆವಾರು ತೆರಿಗೆ ಬೇಡಿಕೆ, ಇನ್ನೊಂದರಲ್ಲಿ ವಸೂಲಿ, ಮೊದಲ ಶೀಟ್‌ನಲ್ಲಿ ಒಟ್ಟು ಗೋಷ್ವಾರೆ. ಗೋಷ್ವಾರೆಯಲ್ಲಿ ಗ್ರಂಥಾಲಯ ಉಪಕರದ ಬೇಡಿಕೆಯನ್ನು ತೋರಿಸುವ ಸೆಲ್‌ನಲ್ಲಿ ಈ ಸೂತ್ರವಿತ್ತು:

```
=ROUND(SUM(Sheet3!H4:H412)*0.06,0)
```

ಅದರ ಕೆಳಗಿನ ಸೆಲ್‌ನಲ್ಲಿ ಭಿಕ್ಷುಕರ ಉಪಕರಕ್ಕೆ ಇದೇ ಸೂತ್ರ, 0.06 ಇದ್ದಲ್ಲಿ 0.03. ಬರೆದ ದಿನ ನನಗೆ ಎಲ್ಲವೂ ಸ್ಪಷ್ಟವಾಗಿತ್ತು. Sheet3 ಎಂದರೆ ಬೇಡಿಕೆ, H ಕಾಲಂ ಎಂದರೆ ತೆರಿಗೆ, ನಾಲ್ಕನೆಯ ಸಾಲಿನಿಂದ 412ನೆಯ ಸಾಲಿನವರೆಗೆ ನಮ್ಮ 409 ಆಸ್ತಿಗಳು. ಬೇರೆ ಯಾರಾದರೂ ಆ ಸೆಲ್ ಮೇಲೆ ಕ್ಲಿಕ್ ಮಾಡಿದ್ದರೆ ಇಷ್ಟನ್ನೂ ತಿಳಿಯಲು ಮೂರು ಶೀಟ್ ತಿರುವಬೇಕಿತ್ತು. ಆರು ತಿಂಗಳ ನಂತರ ನಾನೂ ಆ ಬೇರೆ ಯಾರಾದರೊಬ್ಬರೇ ಆಗಿದ್ದೆ.

ಆ ವರ್ಷ ಹೊಸದಾಗಿ 19 ಆಸ್ತಿಗಳು ಪಟ್ಟಿಗೆ ಸೇರಿದವು. ಎರಡು ಹೋಂಸ್ಟೇ, ಒಂದು ತೋಟದ ಕೆಲವು ಲೈನ್ ಮನೆಗಳು, ಉಳಿದವು ಹೊಸ ಮನೆಗಳು. ಆಪರೇಟರ್ ಅವುಗಳನ್ನು ಕ್ರಮವಾಗಿಯೇ 413ನೆಯ ಸಾಲಿನಿಂದ 431ನೆಯ ಸಾಲಿನವರೆಗೆ ನಮೂದಿಸಿದರು. ಅವರ ಕೆಲಸದಲ್ಲಿ ಲೋಪವೇನೂ ಇರಲಿಲ್ಲ. ಆದರೆ ಬೇರೆ ಶೀಟ್‌ನಲ್ಲಿದ್ದ ನನ್ನ ಸೂತ್ರ 412ನೆಯ ಸಾಲಿಗೇ ನಿಂತಿತ್ತು. ವಸೂಲಿಯ ಸೂತ್ರ ಮಾತ್ರ ಇಡೀ ಕಾಲಂ ಅನ್ನು ಕೂಡುತ್ತಿದ್ದುದರಿಂದ ಹೊಸ ಮನೆಯವರು ಕಟ್ಟಿದ ಹಣ ಸರಿಯಾಗಿಯೇ ಸೇರುತ್ತಿತ್ತು. ಹೀಗೆ ಬೇಡಿಕೆ 6,54,400 ರೂಪಾಯಿ, ವಸೂಲಿ 5,88,960 ರೂಪಾಯಿ, ಅಂದರೆ ಶೇಕಡಾ 90 ಎಂದು ಪಟ್ಟಿ ಹೇಳಿತು. ಸಭೆಯಲ್ಲಿ ನಾನೂ ಅದನ್ನೇ ಓದಿ ಹೇಳಿದೆ.

ತಪ್ಪನ್ನು ಕಂಡುಹಿಡಿದವರು ನಮ್ಮ ಕರ ವಸೂಲಿಗಾರರು. ಕಂಪ್ಯೂಟರ್ ಮುಟ್ಟದ, ಪುಸ್ತಕದಲ್ಲಿ ಪೆನ್ಸಿಲಿನಿಂದ ಲೆಕ್ಕ ಬರೆದುಕೊಳ್ಳುವ ಹಿರಿಯರು. "ಸಾರ್, ನಿಮ್ಮ ಪಟ್ಟೀಲಿ ಬಾಕಿ ಅರವತ್ತೈದು ಸಾವಿರ ಅಂತ ಇದೆ. ನನ್ನ ಪುಸ್ತಕದಲ್ಲಿ ಲಕ್ಷ ದಾಟ್ತದಲ್ಲ" ಎಂದರು. ನಾನು ಮೊದಲು ಅವರ ಪುಸ್ತಕವನ್ನೇ ಅನುಮಾನಿಸಿದೆ. ಕೂತು ನೋಡಿದಾಗ ಅವರ ಬಾಕಿ 1,07,240, ನನ್ನದು 65,440. ವ್ಯತ್ಯಾಸ 41,800. ಆ 19 ಸಾಲುಗಳನ್ನು ಕೂಡಿದರೆ ಬರುವುದೂ ಸರಿಯಾಗಿ 41,800. ನಿಜವಾದ ಬೇಡಿಕೆ 6,96,200 ಆಗಿತ್ತು. ವಸೂಲಿ ಶೇಕಡಾ 90 ಅಲ್ಲ, 84.6. ಗ್ರಂಥಾಲಯ ಉಪಕರದ ಬೇಡಿಕೆಯಲ್ಲಿ 2,508 ರೂಪಾಯಿ ಬಿಟ್ಟುಹೋಗಿತ್ತು. ಮುಂದಿನ ಸಭೆಯಲ್ಲಿ ಎದ್ದು ನಿಂತು ಅಂಕಿಯನ್ನು ತಿದ್ದಿ ಹೇಳಬೇಕಾಯಿತು.

ಇದು ಪಂಚಾಯಿತಿಯವರು ಮಾತ್ರ ಮಾಡುವ ತಪ್ಪೇನಲ್ಲ. 2010ರಲ್ಲಿ ಕಾರ್ಮೆನ್ ರೈನ್‌ಹಾರ್ಟ್ ಮತ್ತು ಕೆನೆತ್ ರೊಗಾಫ್ ಎಂಬ ಅರ್ಥಶಾಸ್ತ್ರಜ್ಞರು ಸರ್ಕಾರಿ ಸಾಲ ಮತ್ತು ಆರ್ಥಿಕ ಬೆಳವಣಿಗೆಯ ಕುರಿತು ಪ್ರಕಟಿಸಿದ ಪ್ರಬಂಧ ಹಲವು ದೇಶಗಳ ನೀತಿ ಚರ್ಚೆಯಲ್ಲಿ ಉಲ್ಲೇಖಗೊಂಡಿತು. 2013ರಲ್ಲಿ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಥಾಮಸ್ ಹರ್ನ್‌ಡನ್ ಎಂಬ ವಿದ್ಯಾರ್ಥಿ ಅವರ ಎಕ್ಸೆಲ್ ಕಡತವನ್ನು ತರಿಸಿಕೊಂಡು ನೋಡಿದಾಗ, 30ರಿಂದ 49ನೆಯ ಸಾಲಿನವರೆಗೆ ತೆಗೆಯಬೇಕಿದ್ದ ಸರಾಸರಿಯನ್ನು 44ನೆಯ ಸಾಲಿಗೇ ನಿಲ್ಲಿಸಿದ್ದು ಕಂಡಿತು. ಐದು ದೇಶಗಳು ಲೆಕ್ಕದಿಂದ ಹೊರಗುಳಿದಿದ್ದವು. ಪ್ರಬಂಧದ ಬಗ್ಗೆ ಬೇರೆ ಆಕ್ಷೇಪಗಳೂ ಇದ್ದವು, ಅವುಗಳ ಮೇಲೆ ವಾದ ನಡೆಯಿತು. ಈ ಒಂದು ತಪ್ಪನ್ನು ಮಾತ್ರ ಲೇಖಕರು ಒಪ್ಪಿಕೊಂಡರು. ಅವರಿಗೆ 44 ಮತ್ತು 49, ನನಗೆ 412 ಮತ್ತು 431. ನಮ್ಮ ಕರ ವಸೂಲಿಗಾರರು ಅಲ್ಲಿರಲಿಲ್ಲ, ಅಷ್ಟೇ.

ಈಗ ಅದೇ ಕಡತವನ್ನು ಹೇಗೆ ತಿದ್ದಿದೆ ಎಂಬುದನ್ನು ಹೇಳುತ್ತೇನೆ. ಮೊದಲು ಕೈ ಹಾಕಿದ್ದು 0.06 ಮತ್ತು 0.03ಕ್ಕೆ. ಸೂತ್ರದ ಒಳಗೆ ಬರೆದ ಬರಿಯ ಅಂಕಿ ತಾನು ಯಾವ ಉಪಕರದ ದರ ಎಂದು ಹೇಳುವುದಿಲ್ಲ. ಎರಡೂ ಅದಲುಬದಲಾದರೆ ಯಾರಿಗೂ ಗೊತ್ತಾಗುವುದಿಲ್ಲ. ಆದ್ದರಿಂದ Rates ಎಂಬ ಪ್ರತ್ಯೇಕ ಶೀಟ್ ಮಾಡಿ, A ಕಾಲಂನಲ್ಲಿ ಉಪಕರದ ಹೆಸರನ್ನು ಕನ್ನಡದಲ್ಲಿ, B ಕಾಲಂನಲ್ಲಿ ದರವನ್ನು, C ಕಾಲಂನಲ್ಲಿ ಆ ದರಕ್ಕೆ ಆಧಾರವಾದ ಆದೇಶದ ಸಂಖ್ಯೆ ಮತ್ತು ದಿನಾಂಕವನ್ನು ಬರೆದೆ. ನಂತರ ಶೇಕಡಾ 6 ಇರುವ ಸೆಲ್ ಮೇಲೆ ಕ್ಲಿಕ್ ಮಾಡಿ, ಸೂತ್ರಪಟ್ಟಿಯ ಎಡತುದಿಯಲ್ಲಿ B2 ಎಂದು ಕಾಣುವ ಪುಟ್ಟ ಪೆಟ್ಟಿಗೆಯಲ್ಲಿ Library_Cess ಎಂದು ಟೈಪಿಸಿ ಎಂಟರ್ ಒತ್ತಿದೆ. ಇಷ್ಟೇ ಕೆಲಸ. ಎಂಟರ್ ಒತ್ತುವುದನ್ನು ಮರೆತು ಬೇರೆಡೆ ಕ್ಲಿಕ್ ಮಾಡಿದರೆ ಹೆಸರು ಉಳಿಯುವುದಿಲ್ಲ. ಹೆಚ್ಚಿನವರು ಮೊದಲ ಸಲ ಎಡವುವುದು ಅಲ್ಲಿಯೇ. ಲಿಬ್ರೆಆಫೀಸ್‌ನಲ್ಲಿಯೂ ಇದೇ ಪೆಟ್ಟಿಗೆ ಇದೇ ಜಾಗದಲ್ಲಿದೆ.

ದರವನ್ನು ನಮೂದಿಸುವಾಗ 6% ಎಂದು ಶೇಕಡಾ ಚಿಹ್ನೆಯೊಡನೆ ಬರೆಯಬೇಕು. ಸಾಮಾನ್ಯ ಸೆಲ್‌ನಲ್ಲಿ ಬರಿದೇ 6 ಎಂದು ಬರೆದರೆ 1,200 ರೂಪಾಯಿ ತೆರಿಗೆಗೆ 72ರ ಬದಲು 7,200 ರೂಪಾಯಿ ಉಪಕರ ಬರುತ್ತದೆ. ಅದು ಕಣ್ಣಿಗೆ ಹೊಡೆಯುವ ತಪ್ಪು, ಆದ್ದರಿಂದ ಅಪಾಯ ಕಡಿಮೆ.

ಹೆಸರಿನ ಲಿಪಿ ಯಾವುದಿರಬೇಕು ಎಂಬ ಪ್ರಶ್ನೆ ಇಲ್ಲಿ ಬರುತ್ತದೆ. ಕನ್ನಡದಲ್ಲಿಯೇ ಇರಲಿ ಎಂದು ನನಗೂ ಮೊದಲು ಅನ್ನಿಸಿತ್ತು. ಆದರೆ ನಮ್ಮ ಕಚೇರಿಗಳಲ್ಲಿ ಇಂದಿಗೂ ಹಲವರು ನುಡಿಯ ಹಳೆಯ ಫಾಂಟುಗಳಲ್ಲಿ ಟೈಪಿಸುತ್ತಾರೆ. ಅದು ಯೂನಿಕೋಡ್ ಅಲ್ಲ. ಒಳಗೆ ಇಂಗ್ಲಿಷ್ ಅಕ್ಷರಗಳ ಸಂಕೇತಗಳಿದ್ದು ಫಾಂಟ್ ಅವುಗಳನ್ನು ಕನ್ನಡವಾಗಿ ತೋರಿಸುತ್ತದೆ. ಹೆಸರಿನ ಪೆಟ್ಟಿಗೆಯಲ್ಲಿ ಆ ಫಾಂಟ್ ಇರುವುದಿಲ್ಲವಾದ್ದರಿಂದ "ತೆರಿಗೆ" ಎಂದು ಟೈಪಿಸಿದ್ದು vÉjUÉ ಎಂದು ಕಾಣುತ್ತದೆ. ಕನ್ನಡ ಪದವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ಒಬ್ಬರು Terige, ಇನ್ನೊಬ್ಬರು Therige ಎನ್ನುತ್ತಾರೆ. ಆದ ಕಾರಣ ಸೂತ್ರದೊಳಗಿನ ಹೆಸರುಗಳಿಗೆ ಕಚೇರಿಯಲ್ಲಿ ರೂಢಿಯಲ್ಲಿರುವ ಇಂಗ್ಲಿಷ್ ಪದಗಳನ್ನೂ, ಕಾಲಂ ಶೀರ್ಷಿಕೆ ಮತ್ತು ವಿವರಣೆಗೆ ಕನ್ನಡವನ್ನೂ ಇಟ್ಟುಕೊಂಡೆ. ಇದು ನನ್ನ ಅನುಕೂಲದ ತೀರ್ಮಾನವೇ ಹೊರತು ನಿಯಮವಲ್ಲ.

ನಿಯಮಗಳು ಕೆಲವಿವೆ. ಹೆಸರಿನಲ್ಲಿ ಖಾಲಿ ಜಾಗ ಇರಕೂಡದು, ಅದಕ್ಕಾಗಿಯೇ ಪದಗಳ ನಡುವೆ ಅಡಿಗೆರೆ. ಅಂಕಿಯಿಂದ ಆರಂಭವಾಗಕೂಡದು. ಮೂರನೆಯದು ಸ್ವಲ್ಪ ವಿಚಿತ್ರ: ಸೆಲ್‌ನ ವಿಳಾಸದಂತೆ ಕಾಣುವ ಹೆಸರು ಇರಕೂಡದು. ನಮ್ಮ ಗೆಳೆಯರೊಬ್ಬರು ತೆರಿಗೆಯ ವ್ಯಾಪ್ತಿಗೆ TAX2024 ಎಂದು ಹೆಸರಿಡಲು ಹೋದರು. ಎಂಟರ್ ಒತ್ತಿದೊಡನೆ ತೆರೆಯ ಮೇಲಿದ್ದ ಪಟ್ಟಿಯೇ ಮಾಯವಾಗಿ ಖಾಲಿ ಸೆಲ್‌ಗಳು ಕಂಡವು; ಡಾಟಾ ಅಳಿಸಿಹೋಯಿತೆಂದು ಗಾಬರಿಯಾಗಿ ನನಗೆ ಫೋನ್ ಮಾಡಿದರು. ಅಳಿಸಿರಲಿಲ್ಲ. ಈಗಿನ ಎಕ್ಸೆಲ್‌ನಲ್ಲಿ ಕಾಲಂಗಳು A ಇಂದ XFD ವರೆಗೆ ಇವೆ, ಆ ನಡುವೆ TAX ಎಂಬ ಕಾಲಂ ನಿಜಕ್ಕೂ ಇದೆ. ಎಕ್ಸೆಲ್ ಅವರನ್ನು ವಿಧೇಯವಾಗಿ TAX ಕಾಲಂನ 2024ನೆಯ ಸಾಲಿಗೆ ಕರೆದೊಯ್ದಿತ್ತು. Tax_2024 ಎಂದರೆ ಈ ತೊಂದರೆಯಿಲ್ಲ.

ಇನ್ನು ವ್ಯಾಪ್ತಿಯ ವಿಷಯ, ಅಂದರೆ ನಾವು ರೇಂಜ್ ಎಂದು ಕರೆಯುವುದು. ಬೇಡಿಕೆಯ ಶೀಟ್‌ಗೆ Sheet3 ಬದಲು Demand ಎಂದು ಹೆಸರಿಟ್ಟೆ. ತೆರಿಗೆಯ ಕಾಲಂನಲ್ಲಿ ಸೆಲ್‌ಗಳನ್ನು ಆಯ್ದು, ಅದೇ ಪೆಟ್ಟಿಗೆಯಲ್ಲಿ Demand_Tax ಎಂದು ಟೈಪಿಸಿದೆ. ಈಗ ಸೂತ್ರ ಹೀಗಾಯಿತು:

```
=ROUND(SUM(Demand_Tax)*Library_Cess,0)
```

ಬೇಡಿಕೆಯ ತೆರಿಗೆಯ ಮೊತ್ತ, ಗುಣಿಸು ಗ್ರಂಥಾಲಯ ಉಪಕರದ ದರ, ರೂಪಾಯಿಗೆ ಪೂರ್ಣಾಂಕ ಮಾಡು. ಎಕ್ಸೆಲ್ ಅಷ್ಟಾಗಿ ಬಾರದ ಸದಸ್ಯರಿಗೂ ಇದನ್ನು ಓದಿ ತೋರಿಸಬಹುದು. ಓದುವ ಸುಲಭಕ್ಕಿಂತ ನಾನು ಹೆಚ್ಚು ಬೆಲೆ ಕೊಡುವುದು ಇನ್ನೊಂದು ಗುಣಕ್ಕೆ. H421 ಎಂದು ಬರೆಯುವಲ್ಲಿ ಕೈತಪ್ಪಿ H412 ಎಂದಾದರೆ ಎಕ್ಸೆಲ್ ಸುಮ್ಮನೆ ತಪ್ಪು ಮೊತ್ತವನ್ನು ಕೊಟ್ಟುಬಿಡುತ್ತದೆ. Demand_Tax ಎಂಬಲ್ಲಿ ಕೈತಪ್ಪಿ Demnad_Tax ಎಂದಾದರೆ #NAME? ಎಂದು ಕೂಗಿ ಹೇಳುತ್ತದೆ. ತಪ್ಪಾದರೆ ಸದ್ದು ಮಾಡಿ ತಪ್ಪಾಗುವ ಸೂತ್ರ ನಮಗೆ ಬೇಕಾದದ್ದು.

ಆದರೆ ಒಂದು ಮಾತನ್ನು ಮುಚ್ಚಿಡದೆ ಹೇಳಬೇಕು. ಹೆಸರಿಟ್ಟ ಮಾತ್ರಕ್ಕೆ ನನ್ನ 19 ಮನೆಗಳು ಲೆಕ್ಕಕ್ಕೆ ಸೇರುತ್ತಿರಲಿಲ್ಲ. Demand_Tax ಎಂಬುದು H4ರಿಂದ H412ರವರೆಗಿನ ಸೆಲ್‌ಗಳಿಗೆ ಅಂಟಿದ ಚೀಟಿ. ಕೆಳಗೆ ಹೊಸ ಸಾಲು ಸೇರಿಸಿದರೆ ಚೀಟಿ ತಾನಾಗಿ ಹಿಗ್ಗುವುದಿಲ್ಲ. ಒಂದು ಲೆಕ್ಕದಲ್ಲಿ ಅಪಾಯ ಹೆಚ್ಚೇ ಆಯಿತು: H4:H412 ಎಂದಿದ್ದರೆ ಅನುಮಾನವಿರುವವರು ಪಟ್ಟಿ ಎಲ್ಲಿಗೆ ಮುಗಿಯುತ್ತದೆ ಎಂದು ನೋಡುತ್ತಾರೆ, Demand_Tax ಎಂದಿದ್ದರೆ ಎಲ್ಲ ಬೇಡಿಕೆಯೂ ಇದರಲ್ಲಿದೆ ಎಂದು ನಂಬಿಬಿಡುತ್ತಾರೆ. ಹೆಸರು ಹೇಳುವುದು ನಿಜವಾಗಿರುವಂತೆ ನೋಡಿಕೊಳ್ಳುವ ಕೆಲಸ ಬೇರೆಯೇ ಇದೆ.

ಅದಕ್ಕೆ ನಾನು ಮಾಡಿದ್ದು ಎರಡು ಏರ್ಪಾಡು. ಮೊದಲನೆಯದು ಗಡಿ ಸಾಲು. ಕೊನೆಯ ಮನೆಯ ಕೆಳಗೆ, 432ನೆಯ ಸಾಲನ್ನು ಖಾಲಿ ಬಿಟ್ಟು ಬೂದು ಬಣ್ಣ ಕೊಟ್ಟು, ಹೆಸರಿನ ಕಾಲಂನಲ್ಲಿ "ಈ ಗೆರೆಯ ಮೇಲೆ ಸಾಲು ಸೇರಿಸಿ" ಎಂದು ಬರೆದೆ. Demand_Tax ವ್ಯಾಪ್ತಿ ಆ ಬೂದು ಸಾಲನ್ನೂ ಒಳಗೊಂಡು H4ರಿಂದ H432ರವರೆಗೆ ಇರುತ್ತದೆ. ವ್ಯಾಪ್ತಿಯ ಒಳಗೆ ಹೊಸ ಸಾಲನ್ನು ಇನ್ಸರ್ಟ್ ಮಾಡಿದಾಗ ಹೆಸರು ತಾನಾಗಿಯೇ ಹಿಗ್ಗುತ್ತದೆ. ಖಾಲಿ ಸೆಲ್ ಮೊತ್ತಕ್ಕೆ ಏನನ್ನೂ ಸೇರಿಸುವುದಿಲ್ಲ. ಎಕ್ಸೆಲ್‌ನಲ್ಲಿ Ctrl+T ಒತ್ತಿ ಪಟ್ಟಿಯನ್ನು ಟೇಬಲ್ ಆಗಿ ಮಾಡಿದರೆ ಕೆಳಗೆ ಟೈಪಿಸಿದ ಸಾಲೂ ತಾನಾಗಿ ಸೇರಿಕೊಳ್ಳುತ್ತದೆ, ಅದು ಇನ್ನೂ ಉತ್ತಮ. ಆದರೆ ಒಂದು ಕಚೇರಿಯಲ್ಲಿ ಎಕ್ಸೆಲ್, ಇನ್ನೊಂದರಲ್ಲಿ ಲಿಬ್ರೆಆಫೀಸ್ ಇರುವ ನಮ್ಮಲ್ಲಿ ಎರಡರಲ್ಲೂ ಒಂದೇ ರೀತಿ ನಡೆಯುವ ಗಡಿ ಸಾಲನ್ನೇ ನಾನು ಉಳಿಸಿಕೊಂಡಿದ್ದೇನೆ.

ಎರಡನೆಯದು ತಾಳೆ ನೋಡುವ ಸೆಲ್. ಗೋಷ್ವಾರೆಯ ಮೇಲ್ಭಾಗದಲ್ಲಿ ಇದನ್ನು ಬರೆದಿದ್ದೇನೆ:

```
=COUNT(Demand!H4:H5000)-COUNT(Demand_Tax)
```

ಕಾಲಂನಲ್ಲಿ ಅಂಕಿಯಿರುವ ಸೆಲ್‌ಗಳೆಷ್ಟು, ಹೆಸರಿನ ವ್ಯಾಪ್ತಿಯೊಳಗೆ ಇರುವುದೆಷ್ಟು ಎಂಬುದರ ವ್ಯತ್ಯಾಸ ಇದು. ಉತ್ತರ ಸೊನ್ನೆ ಇರಬೇಕು. ಅಂದು ಈ ಸೆಲ್ ಇದ್ದಿದ್ದರೆ 428ರಲ್ಲಿ 409 ಕಳೆದು 19 ಎಂದು ತೋರಿಸುತ್ತಿತ್ತು. ಇಡೀ H ಕಾಲಂ ಎನ್ನದೆ H4ರಿಂದ ಎಂದು ಏಕೆ ಬರೆದೆ ಎಂದು ತಾವು ಕೇಳಬಹುದು. ಸರ್ಕಾರಿ ನಮೂನೆಗಳಲ್ಲಿ ಶೀರ್ಷಿಕೆಯ ಕೆಳಗೆ 1, 2, 3 ಎಂದು ಕಾಲಂ ಸಂಖ್ಯೆಯ ಸಾಲೊಂದು ಇರುತ್ತದಲ್ಲ, ಅದರಲ್ಲಿನ 8 ಎಂಬ ಅಂಕಿಯೂ ಎಣಿಕೆಗೆ ಬಂದುಬಿಡುತ್ತದೆ. ನಾನು ಹೀಗೆ ಒಂದು ಸಂಜೆಯನ್ನು ಇಲ್ಲದ ಮನೆಯೊಂದನ್ನು ಹುಡುಕುತ್ತ ಕಳೆದಿದ್ದೇನೆ. ಹಾಗೆಯೇ ಬೇಡಿಕೆಯ ಶೀಟ್‌ನ ಬುಡದಲ್ಲಿ ಒಟ್ಟು ಮೊತ್ತದ ಸಾಲನ್ನು ಇಡಬೇಡಿ, ಒಟ್ಟು ಗೋಷ್ವಾರೆಯಲ್ಲಿರಲಿ.

ಶೀಟ್‌ಗಳ ಹೆಸರಿನ ಬಗ್ಗೆ ಹೇಳುವುದು ಕಡಿಮೆ, ಆದರೆ ಏಪ್ರಿಲ್ ತಿಂಗಳಲ್ಲಿ ಆಗುವ ಒಂದು ಅವಘಡವನ್ನು ಹೇಳಲೇಬೇಕು. ಹೆಸರು 31 ಅಕ್ಷರ ಮೀರಕೂಡದು, ಓರೆಗೆರೆ ಇರಕೂಡದು, ಆದ್ದರಿಂದ 2024/25 ಎಂದು ಇಡಲು ಬರುವುದಿಲ್ಲ. 2024-25 ಎಂದು ಇಡಬಹುದು, ಆಗ ಸೂತ್ರದಲ್ಲೆಲ್ಲ ಅದರ ಸುತ್ತ ಉದ್ಧರಣ ಚಿಹ್ನೆ ಬರುತ್ತದೆ. ಆದರೆ ಶೀಟ್‌ಗೆ ವರ್ಷದ ಹೆಸರನ್ನೇ ಇಡದಿರುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ. ವರ್ಷದ ಹೆಸರಿಟ್ಟವರು ಹೊಸ ವರ್ಷ ಬಂದಾಗ ಹಳೆಯ ಶೀಟ್ ಅನ್ನೇ ಅದೇ ಕಡತದೊಳಗೆ ನಕಲು ಮಾಡಿ ಹೊಸ ಹೆಸರು ಕೊಡುತ್ತಾರೆ. ಎಕ್ಸೆಲ್ ಆಗ Demand_Tax ಎಂಬ ಹೆಸರನ್ನೂ ನಕಲು ಮಾಡುತ್ತದೆ. ಆದರೆ ಎರಡನೆಯದು ಆ ಹೊಸ ಶೀಟ್‌ಗೆ ಮಾತ್ರ ಸೀಮಿತವಾದ ಹೆಸರು. ಗೋಷ್ವಾರೆಯಲ್ಲಿರುವ Demand_Tax ಮೊದಲಿನಂತೆ ಹಳೆಯ ವರ್ಷವನ್ನೇ ತೋರಿಸುತ್ತಿರುತ್ತದೆ. ಸೂತ್ರ ಓದಿದರೆ ಸರಿಯಾಗಿಯೇ ಇದೆ, ಅಂಕಿ ಮಾತ್ರ ಕಳೆದ ವರ್ಷದ್ದು. ಇದನ್ನು ಪತ್ತೆ ಮಾಡಲು Ctrl+F3 ಒತ್ತಿ. ಕಡತದಲ್ಲಿರುವ ಎಲ್ಲ ಹೆಸರುಗಳ ಪಟ್ಟಿ ತೆರೆಯುತ್ತದೆ. ಒಂದೇ ಹೆಸರು ಎರಡು ಸಲ ಬಂದು, Scope ಎಂಬ ಕಾಲಂನಲ್ಲಿ ಒಂದಕ್ಕೆ Workbook, ಇನ್ನೊಂದಕ್ಕೆ ಶೀಟ್‌ನ ಹೆಸರು ಇದ್ದರೆ ಇದೇ ತೊಂದರೆ.

ಆದ್ದರಿಂದ ನಾನು ಇಡೀ ಕಡತವನ್ನೇ ಹೊಸ ಹೆಸರಿನಲ್ಲಿ ಉಳಿಸಿ ಹಳೆಯ ನಮೂದುಗಳನ್ನು ಅಳಿಸುತ್ತೇನೆ. ವರ್ಷ ಕಡತದ ಹೆಸರಿನಲ್ಲಿರುತ್ತದೆ, ಶೀಟ್‌ಗಳು ಎಲ್ಲ ವರ್ಷವೂ Demand, Collection, Rates, Summary. ಅಳಿಸುವಾಗ ಸೆಲ್‌ನೊಳಗಿನ ಅಂಕಿಯನ್ನು ಡಿಲೀಟ್ ಕೀಲಿಯಿಂದ ಅಳಿಸಬೇಕು, ಸಾಲುಗಳನ್ನೇ ತೆಗೆಯಬಾರದು. ಬೂದು ಸಾಲೂ ಸೇರಿ ವ್ಯಾಪ್ತಿಯ ಎಲ್ಲ ಸಾಲುಗಳನ್ನು ತೆಗೆದರೆ ಹೆಸರು ಉಳಿಯುತ್ತದೆ, ಅದರ ವಿಳಾಸದ ಜಾಗದಲ್ಲಿ #REF! ಎಂದು ಕಾಣುತ್ತದೆ. ಇನ್ನು ದರ ಮಧ್ಯದಲ್ಲಿ ಬದಲಾದರೂ ಹಿಂದಿನ ವರ್ಷದ ಕಡತ ತನ್ನದೇ ದರವನ್ನು ಇಟ್ಟುಕೊಂಡಿರುವುದರಿಂದ ಹಳೆಯ ಲೆಕ್ಕ ಅಲುಗಾಡುವುದಿಲ್ಲ. ಕಳಸ ಮೂಡಿಗೆರೆಯಿಂದ ಬೇರೆ ತಾಲ್ಲೂಕಾದ ಮೇಲೂ ನಮ್ಮಲ್ಲಿ ಕೆಲವು ಕಡತಗಳ ಶೀಟ್‌ಗೆ ಹಳೆಯ ತಾಲ್ಲೂಕಿನ ಹೆಸರೇ ಇದೆ. ಅವುಗಳನ್ನು ಬದಲಿಸಬಹುದು, ಅದೇ ಕಡತದೊಳಗಿನ ಸೂತ್ರಗಳು ತಾವಾಗಿ ಹೊಸ ಹೆಸರನ್ನು ಹಿಡಿದುಕೊಳ್ಳುತ್ತವೆ. ಬೇರೆ ಕಡತದಿಂದ ಇದಕ್ಕೆ ಕೊಂಡಿ ಇದ್ದು ಆ ಕಡತ ಮುಚ್ಚಿದ್ದರೆ ಮಾತ್ರ ಅದಕ್ಕೆ ಸುದ್ದಿ ಮುಟ್ಟುವುದಿಲ್ಲ. ಬದಲಿಸುವ ಮುನ್ನ ಅದನ್ನೂ ತೆರೆದಿಟ್ಟುಕೊಳ್ಳಿ.

ಎಲ್ಲದಕ್ಕೂ ಹೆಸರಿಡಬೇಕೆಂದು ನಾನು ಹೇಳುತ್ತಿಲ್ಲ. ಉತ್ಸಾಹದಲ್ಲಿ ಒಮ್ಮೆ ನಲವತ್ತಕ್ಕೂ ಹೆಚ್ಚು ಹೆಸರಿಟ್ಟು, ಕೊನೆಗೆ ಯಾವುದು ಯಾವುದೆಂದು ನನಗೇ ತಿಳಿಯದಂತೆ ಮಾಡಿಕೊಂಡಿದ್ದೆ. ಒಂದೇ ಸಾಲಿನಲ್ಲಿ ಮನೆಯ ಬೇಡಿಕೆಯಿಂದ ವಸೂಲಿಯನ್ನು ಕಳೆಯುವ =H4-I4 ನಂಥ ಸೂತ್ರ ಹಾಗೆಯೇ ಇರಲಿ; ಎರಡೂ ಸೆಲ್ ಪಕ್ಕದಲ್ಲೇ ಕಾಣುತ್ತಿವೆ. ಬೇರೆ ಶೀಟ್‌ನಿಂದ ಬರುವ ಅಂಕಿ, ದರ, ಮತ್ತು ಮೊತ್ತ ತೆಗೆಯುವ ವ್ಯಾಪ್ತಿ, ಇವಿಷ್ಟಕ್ಕೆ ಹೆಸರು ಸಾಕು. ನನ್ನ ಈಗಿನ ಕಡತದಲ್ಲಿ ಒಟ್ಟು ಒಂಬತ್ತು ಹೆಸರುಗಳಿವೆ.

ಕೊನೆಯದಾಗಿ ಪ್ರಭಾರ ವಹಿಸಿಕೊಡುವ ದಿನದ ಕೆಲಸ. ಹೊಸ ಶೀಟ್ ಒಂದನ್ನು ತೆರೆದು, ಖಾಲಿ ಸೆಲ್ ಮೇಲೆ ನಿಂತು F3 ಒತ್ತಿ, ಬರುವ ಕಿಟಕಿಯಲ್ಲಿ Paste List ಎಂಬುದನ್ನು ಒತ್ತಿದರೆ ಎಲ್ಲ ಹೆಸರುಗಳೂ ಅವುಗಳ ವಿಳಾಸವೂ ಎರಡು ಕಾಲಂಗಳಲ್ಲಿ ಇಳಿಯುತ್ತವೆ. ಪಕ್ಕದ ಕಾಲಂನಲ್ಲಿ ಪ್ರತಿ ಹೆಸರಿಗೂ ಕನ್ನಡದಲ್ಲಿ ಒಂದು ಸಾಲಿನ ವಿವರಣೆ ಬರೆದು, ಮುದ್ರಿಸಿ, ಪ್ರಭಾರ ಪಟ್ಟಿಯೊಡನೆ ಲಗತ್ತಿಸಿ. ನಾನು ಆ ಪಂಚಾಯಿತಿಯಿಂದ ಹೊರಡುವಾಗ ಹಾಗೆ ಕೊಟ್ಟ ಹಾಳೆಯನ್ನು ನಮ್ಮ ಕರ ವಸೂಲಿಗಾರರು ತಿರುವಿ ನೋಡಿ, "ಇದರಲ್ಲಿ ಮನೆ ಎಷ್ಟು ಅಂತ ಬರೆದಿದ್ದೀರಾ ಸಾರ್?" ಎಂದು ಕೇಳಿದರು. ಬರೆದಿರಲಿಲ್ಲ. ಅಲ್ಲಿಯೇ ಪೆನ್ನಿನಿಂದ Demand_Tax ಮುಂದೆ 428 ಎಂದು ಬರೆದುಕೊಟ್ಟೆ.

ತಮ್ಮ ಮುಂದಿರುವ ಕಂಪ್ಯೂಟರ್‌ಗಳಲ್ಲಿ ಈ ಕಡತದ ಪ್ರತಿ ಇದೆ. ಅದರಲ್ಲಿ ಎರಡು ಸಾಲುಗಳನ್ನು ಬೇಕೆಂದೇ ಗಡಿ ಸಾಲಿನ ಕೆಳಗೆ ಇಟ್ಟಿದ್ದೇನೆ. ಚಹಾ ಬರುವಷ್ಟರಲ್ಲಿ ಅವುಗಳನ್ನು ಹುಡುಕಿ.